ಬಿ-47ರಲ್ಲಿ ಬೇರೆಯವರ ಕಾರು

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪನ್ನು ಒಂದು ತಿಂಗಳು ಹಿಂದಕ್ಕೆ ಸರಿಸಿ ನೋಡಿದರೆ ಆ ಫೋಟೋ ಸಿಕ್ಕೇ ಸಿಗುತ್ತದೆ. ಬೇಸ್‌ಮೆಂಟಿನ ಟ್ಯೂಬ್‌ಲೈಟ್ ಬೆಳಕು, ಕಂಬದ ಮೇಲೆ ಹಳದಿ ಬಣ್ಣದಲ್ಲಿ ಬರೆದ ನಂಬರು, ಅದರ ಕೆಳಗೆ ಯಾರದೋ ಕಾರು. ಜೊತೆಗೊಂದು ಸಾಲು: ‘ಇದು ಯಾರ ಗಾಡಿ? ದಯವಿಟ್ಟು ಈಗಲೇ ತೆಗೀರಿ.’ ‘ನಮ್ಮ ಬ್ಲಾಕಿನದಲ್ಲ’ ಎಂದು ಒಬ್ಬರು ಹೇಳುತ್ತಾರೆ, ಸೆಕ್ಯುರಿಟಿಯವರು ಏನು ಮಾಡ್ತಿರ್ತಾರೆ ಎಂದು ಇನ್ನಿಬ್ಬರು ಕೇಳುತ್ತಾರೆ. ಅಷ್ಟರಲ್ಲಿ ನಾಳೆ ಬೆಳಿಗ್ಗೆ ನೀರಿನ ಟ್ಯಾಂಕ್ ತೊಳೆಯುತ್ತಾರೆಂಬ ಸುದ್ದಿ ಬಂದು ಕಾರಿನ ಮಾತು ಮೇಲಕ್ಕೆ ಸರಿದುಹೋಗುತ್ತದೆ. ಆ ಜಾಗದ ಹಕ್ಕುದಾರರು ತಮ್ಮ ಕಾರನ್ನು ಹೊರಗೆ ರಸ್ತೆಯಲ್ಲಿ ನಿಲ್ಲಿಸಿ ಬಂದು ಮಲಗುತ್ತಾರೆ.

ಒಂದು ಸಲ ಆದರೆ ಇಷ್ಟೇ ಸಾಕು. ಗೇಟಿಗೆ ಇಂಟರ್‌ಕಾಮ್ ಮಾಡಿ, ಬಂದವರನ್ನು ಹುಡುಕಿಸಿ, ಕಾರು ತೆಗೆಸಿದರೆ ಮುಗಿಯಿತು. ಅದೇ ಕಾರು ಮತ್ತೆ ಮತ್ತೆ ಬಂದು ನಿಂತರೆ ಮಾತ್ರ ಅಸೋಸಿಯೇಷನ್ನಿಗೆ ಪತ್ರ ಬರೆಯುವ ಕಾಲ ಬಂತು ಎಂದರ್ಥ. ಗ್ರೂಪಿನಲ್ಲಿ ಹಾಕಿದ ಮಾತಿಗೆ ಉತ್ತರ ಕೊಡುವ ಹೊಣೆ ಯಾರಿಗೂ ಇಲ್ಲ. ಕಾರ್ಯದರ್ಶಿಯ ಹೆಸರಿಗೆ ಬರೆದು, ದಿನಾಂಕ ಹಾಕಿ, ಕಚೇರಿಯಲ್ಲಿ ಸ್ವೀಕೃತಿಯ ಸೀಲು ಹಾಕಿಸಿಕೊಂಡ ಪತ್ರದ ಮಾತೇ ಬೇರೆ. ಅದನ್ನು ಸಮಿತಿಯ ಸಭೆಗೆ ತರಬೇಕಾಗುತ್ತದೆ. ಮುಂದೆ ವಕೀಲರ ಬಳಿಗೋ ನ್ಯಾಯಾಲಯಕ್ಕೋ ಹೋಗುವ ಸಂದರ್ಭ ಬಂದರೆ ಎದುರಾಗುವ ಮೊದಲ ಪ್ರಶ್ನೆಯೂ ಅದೇ: ‘ಅಸೋಸಿಯೇಷನ್ನಿಗೆ ಬರವಣಿಗೆಯಲ್ಲಿ ಕೊಟ್ಟಿದ್ದೀರಾ?’

ಆದರೆ ಇಂಥ ಪತ್ರಗಳಲ್ಲಿ ಬಹುಪಾಲು ತಪ್ಪು ವ್ಯಕ್ತಿಯ ಬೆನ್ನು ಹತ್ತುತ್ತವೆ. ಎರಡು ಪುಟದ ತುಂಬ ಕಾರಿನವನ ಉದ್ಧಟತನದ ವರ್ಣನೆ, ಕೊನೆಗೆ ‘ಅವನ ಮೇಲೆ ಕಠಿಣ ಕ್ರಮ ಕೈಗೊಳ್ಳಬೇಕು’ ಎಂಬ ಒಂದು ಸಾಲು. ಹೊರಗಿನವನ ಮೇಲೆ ಅಸೋಸಿಯೇಷನ್ನಿಗೆ ಯಾವ ಹಿಡಿತವೂ ಇಲ್ಲ. ಅವನು ಸದಸ್ಯನಲ್ಲ, ಬೈಲಾಗೆ ಸಹಿ ಹಾಕಿದವನಲ್ಲ, ಮೇಂಟೆನೆನ್ಸ್ ಕಟ್ಟುವವನಲ್ಲ. ಅಸೋಸಿಯೇಷನ್ನಿನ ಕೈಯಲ್ಲಿರುವುದು ಎರಡೇ, ಗೇಟು ಮತ್ತು ಸದಸ್ಯರು. ಹಾಗಾಗಿ ಪತ್ರ ಕೇಳಬೇಕಾದದ್ದು ಕಾರಿನವನು ಎಂಥವನು ಎಂಬುದನ್ನಲ್ಲ, ಕಾರು ಒಳಗೆ ಬಂದದ್ದು ಹೇಗೆ ಎಂಬುದನ್ನು.

ಗೇಟು ದಾಟಿ ಬೇಸ್‌ಮೆಂಟಿಗೆ ಇಳಿದ ಹೊರಗಿನ ಕಾರಿನ ಹಿಂದೆ ಸಾಮಾನ್ಯವಾಗಿ ಒಳಗಿನವರೊಬ್ಬರು ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ ಬರುವ ನೆಂಟರು ಇರಬಹುದು. ಬಾಡಿಗೆಗೆ ಇರುವವರ ಎರಡನೆಯ ಕಾರು ಇರಬಹುದು, ಅದು ರಿಜಿಸ್ಟರಿನಲ್ಲಿ ಎಲ್ಲೂ ಇರುವುದಿಲ್ಲ. ಮನೆ ಖಾಲಿ ಮಾಡಿ ಹೋದ ಬಾಡಿಗೆದಾರರ ಕಾರಿನ ಗಾಜಿನ ಮೇಲೆ ಹಳೆಯ ಸ್ಟಿಕ್ಕರ್ ಹಾಗೇ ಉಳಿದಿರುತ್ತದೆ, ಅದನ್ನು ನೋಡಿದ ಕಾವಲುಗಾರ ಬೂಮ್ ಎತ್ತಿಬಿಡುತ್ತಾನೆ. ಇನ್ನು ಕೆಲವು ಕಡೆ ತಮ್ಮ ಜಾಗವನ್ನು ತಿಂಗಳ ಬಾಡಿಗೆಗೆ ಎದುರು ಬೀದಿಯ ಅಂಗಡಿಯವರಿಗೆ ಕೊಟ್ಟಿರುತ್ತಾರೆ. ಆ ಜಾಗ ತುಂಬಿದ್ದ ದಿನ ಅವರು ಪಕ್ಕದ್ದಕ್ಕೆ ನುಗ್ಗಿಸುತ್ತಾರೆ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ಗೊತ್ತಾಗದೆ ಬರೆದ ಪತ್ರಕ್ಕೆ ‘ಸೆಕ್ಯುರಿಟಿಗೆ ಸೂಚನೆ ನೀಡಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಆಮೇಲೆ ಏನೂ ಆಗುವುದಿಲ್ಲ.

ಪೊಲೀಸರನ್ನೇ ಕರೆದರೆ ಆಗದೇ? ಇಲ್ಲಿ ಅನೇಕರಿಗೆ ನಿರಾಸೆ ಕಾದಿರುತ್ತದೆ. ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಂತ ವಾಹನವನ್ನು ಎಳೆದೊಯ್ಯುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯಿಂದ ಬರುತ್ತದೆ, ಮತ್ತು ಆ ಕಾಯ್ದೆಯ 127ನೇ ಕಲಂ ಮಾತನಾಡುವುದು ‘ಸಾರ್ವಜನಿಕ ಸ್ಥಳ’ದ ಬಗ್ಗೆ. ಸಾರ್ವಜನಿಕರಿಗೆ ಹೋಗಿಬರುವ ಹಕ್ಕಿರುವ ಜಾಗ ಮಾತ್ರ ಆ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳ. ಗೇಟು ಹಾಕಿ, ಕಾವಲಿಟ್ಟು, ಕೇಳಿ ಒಳಗೆ ಬಿಡುವ ಬೇಸ್‌ಮೆಂಟು ಆ ವ್ಯಾಖ್ಯೆಗೆ ಸುಲಭದಲ್ಲಿ ಒಗ್ಗುವುದಿಲ್ಲ. ಹಾಗಾಗಿ ಸಂಚಾರ ಪೊಲೀಸರು ‘ಅದು ನಿಮ್ಮ ಒಳಗಿನ ವಿಷಯ, ಅಸೋಸಿಯೇಷನ್ನಿಗೆ ಹೇಳಿ’ ಎಂದರೆ ಅದು ಉದಾಸೀನವೇ ಆಗಿರಬೇಕೆಂದಿಲ್ಲ. ಯಾರದೆಂದೇ ತಿಳಿಯದ ಕಾರು ದಿನಗಟ್ಟಲೆ ನಿಂತು ಧೂಳು ಹಿಡಿಯುತ್ತಿದ್ದರೆ ಮಾತು ಬೇರೆ. ಅದು ಕಳವಿನ ಗಾಡಿಯೂ ಆಗಿರಬಹುದು, ಠಾಣೆಗೆ ತಿಳಿಸಲೇಬೇಕು. ಬೆದರಿಕೆ ಹಾಕಿದರೆ, ಕೈ ಮಾಡಿದರೆ 112ಕ್ಕೆ ಕರೆ ಮಾಡಬೇಕು. ಅದು ಪಾರ್ಕಿಂಗ್ ತಕರಾರಿನ ಗಡಿ ದಾಟಿದ ವಿಷಯ.

ಕಾನೂನು ದೂರವಿದೆ ಎಂದು ತಾವೇ ಕೈಗೆತ್ತಿಕೊಳ್ಳುವವರೂ ಇದ್ದಾರೆ. ಚಕ್ರದ ಗಾಳಿ ತೆಗೆಯುವುದು, ವೈಪರ್ ಬಗ್ಗಿಸುವುದು, ಹೊರಗೆ ಬಾರದಂತೆ ತಮ್ಮ ಕಾರು ಅಡ್ಡ ನಿಲ್ಲಿಸುವುದು. ಹೀಗೆ ಮಾಡಿದ ಕ್ಷಣದಿಂದ ದೂರು ಕೊಡುವ ಸರದಿ ಆ ಕಾರಿನವನದಾಗುತ್ತದೆ. ಆಸ್ತಿಗೆ ಹಾನಿ ಮಾಡುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ‘ಅವನು ನನ್ನ ಜಾಗದಲ್ಲಿ ನಿಲ್ಲಿಸಿದ್ದ’ ಎಂಬುದು ಅದಕ್ಕೆ ಸಮಜಾಯಿಷಿ ಆಗುವುದಿಲ್ಲ. ಚಕ್ರಕ್ಕೆ ಬೀಗ ಹಾಕುವುದನ್ನು ಕೆಲವು ಅಸೋಸಿಯೇಷನ್‌ಗಳು ರೂಢಿ ಮಾಡಿಕೊಂಡಿವೆ. ಸಾಮಾನ್ಯ ಸಭೆಯ ನಿರ್ಣಯ, ಗೇಟಿನಲ್ಲಿ ಎದ್ದು ಕಾಣುವ ಫಲಕ ಯಾವುದೂ ಇಲ್ಲದೆ ಅದನ್ನು ಮಾಡುವುದು ಅಪಾಯದ ಕೆಲಸ. ಒಬ್ಬ ನಿವಾಸಿ ತಾನೇ ಬೀಗ ತಂದು ಹಾಕುವುದಂತೂ ಬೇಡವೇ ಬೇಡ.

ಇನ್ನು ‘ನನ್ನ ಜಾಗ’ ಎನ್ನುವುದರ ಬಗ್ಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಪತ್ರದ ಬಲ ನಿಂತಿರುವುದು ಇದರ ಮೇಲೆ.

ಮುಂಬಯಿಯ ದಹಿಸರ್‌ನಲ್ಲಿ ಪಾಂಚಾಲಿ ಎಂಬ ಸಹಕಾರಿ ಗೃಹ ಸಂಘವಿದೆ. ಕಟ್ಟಡದ ಕಂಬಗಳ ನಡುವಿನ 25 ಪಾರ್ಕಿಂಗ್ ಜಾಗಗಳು ತನ್ನವು, ಅವನ್ನು ಬೇಕಾದವರಿಗೆ ಮಾರುವ ಹಕ್ಕು ತನಗಿದೆ ಎಂದು ಬಿಲ್ಡರ್ ನ್ಯಾಯಾಲಯಕ್ಕೆ ಹೋಗಿದ್ದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2010ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿಗಳಾದ ಆರ್.ಎಂ. ಲೋಧಾ ಮತ್ತು ಎ.ಕೆ. ಪಟ್ನಾಯಕ್ ಅವರ ಪೀಠ ಬಿಲ್ಡರ್ ವಾದವನ್ನು ತಳ್ಳಿಹಾಕಿತು. ಕಂಬಗಳ ನಡುವಿನ ತೆರೆದ ಪಾರ್ಕಿಂಗ್ ಜಾಗ ಗ್ಯಾರೇಜ್ ಅಲ್ಲ, ಅದನ್ನು ಫ್ಲ್ಯಾಟಿನಂತೆ ಬಿಡಿಯಾಗಿ ಮಾರಲು ಬಾರದು, ಅದು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶದ ಭಾಗ ಎಂದು ತೀರ್ಪಾಯಿತು. ಆ ತೀರ್ಪು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಬಂದದ್ದು. ಕರ್ನಾಟಕದಲ್ಲೂ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪಾರ್ಕಿಂಗ್ ಪ್ರದೇಶವನ್ನು ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲೇ ಇಡುತ್ತದೆ. ಆದರೆ ಘೋಷಣಾ ಪತ್ರದಲ್ಲಿ ಬೇರೆ ರೀತಿ ಹೇಳಿಕೊಳ್ಳಲು, ಅಂದರೆ ಇಂತಿಂಥ ಭಾಗ ಇಂತಿಂಥ ಮನೆಯವರ ಬಳಕೆಗೆ ಮಾತ್ರ ಎಂದು ಮೀಸಲಿಡಲು ಅದರಲ್ಲಿ ಅವಕಾಶವಿದೆ.

ಅಂದರೆ ಬಿ-47 ಎಂಬ ಜಾಗದ ನೆಲ ಮನೆಯವರ ಸ್ವಂತ ಸೊತ್ತು ಅಲ್ಲದಿರಬಹುದು. ಆದರೆ ಅಲ್ಲಿ ತಮ್ಮೊಬ್ಬರದೇ ಕಾರು ನಿಲ್ಲಿಸುವ ಹಕ್ಕು ಅವರದು. ಪತ್ರದಲ್ಲಿ ‘ನನ್ನ ಆಸ್ತಿಯ ಅತಿಕ್ರಮಣ’ ಎಂದು ಗುಡುಗುವ ಬದಲು ‘ನನಗೆ ಹಂಚಿಕೆಯಾದ ಜಾಗದ ಬಳಕೆಗೆ ಅಡ್ಡಿ’ ಎಂದು ಬರೆದರೆ ಮಾತು ಗಟ್ಟಿಯಾಗಿ ನಿಲ್ಲುತ್ತದೆ. ಇದರಲ್ಲೊಂದು ಲಾಭವೂ ಇದೆ. ಸಾಮಾನ್ಯ ಪ್ರದೇಶವನ್ನು ನೋಡಿಕೊಳ್ಳಬೇಕಾದದ್ದು ಅಸೋಸಿಯೇಷನ್. ‘ಅದು ನಿಮ್ಮ ಜಾಗ, ನೀವೇ ನೋಡಿಕೊಳ್ಳಿ’ ಎಂದು ಅದು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಹಕ್ಕಿನ ಕಾಗದ ಯಾವುದು? ಕ್ರಯಪತ್ರದ ಷೆಡ್ಯೂಲಿನಲ್ಲಿ ‘ಒಂದು ಮುಚ್ಚಿದ ಕಾರ್ ಪಾರ್ಕಿಂಗ್ ಸಹಿತ’ ಎಂದಷ್ಟೇ ಇರುವುದು ಹೆಚ್ಚು. ನಂಬರು ಇರುವುದು ಬಿಲ್ಡರ್ ಕೊಟ್ಟ ಹಂಚಿಕೆ ಪತ್ರದಲ್ಲಿ, ಅದಕ್ಕೆ ಅಂಟಿಸಿದ ನಕ್ಷೆಯಲ್ಲಿ. ಮೂರನೆಯದು ಅಸೋಸಿಯೇಷನ್ನಿನ ಪಾರ್ಕಿಂಗ್ ರಿಜಿಸ್ಟರು. ಈ ಮೂರೂ ಕಂಬದ ಮೇಲಿನ ನಂಬರಿಗೆ ತಾಳೆಯಾಗುತ್ತವೆಯೇ ಎಂದು ಪತ್ರ ಬರೆಯುವ ಮುನ್ನ ನೋಡಿಕೊಳ್ಳಬೇಕು. ಬೇಸ್‌ಮೆಂಟಿಗೆ ಬಣ್ಣ ಹೊಡೆಸಿದಾಗ ನಂಬರುಗಳು ಒಂದು ಕಂಬ ಆಚೀಚೆ ಆಗಿರುವುದುಂಟು. ಆಗ ಹೊರಗಿನವನೆಂದು ಬೈಸಿಕೊಂಡವರು ಪಕ್ಕದ ಬ್ಲಾಕಿನ ಹಿರಿಯರಾಗಿದ್ದು, ಅವರ ಕೈಯಲ್ಲೂ ಅದೇ ನಂಬರಿನ ಹಂಚಿಕೆ ಪತ್ರ ಇದ್ದರೆ ಅದು ಬೇರೆಯೇ ಜಗಳ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕನಕಪುರ ರಸ್ತೆಯ ಕಡೆ 120 ಮನೆಗಳ ಒಂದು ಅಪಾರ್ಟ್‌ಮೆಂಟು. 304ನೇ ಮನೆಯ ಗೃಹಿಣಿಗೆ ಹಂಚಿಕೆಯಾದದ್ದು ಬಿ-47. ಆಕೆ ಶನಿವಾರ ಸಂಜೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಅಲ್ಲೊಂದು ಬಿಳಿ ಕಾರು. ಮುಂದಿನ ಶನಿವಾರವೂ ಅದೇ. ಮೂರನೆಯ ಸಲಕ್ಕೆ ಆಕೆ ಗ್ರೂಪಿನಲ್ಲಿ ಬರೆಯುವುದು ಬಿಟ್ಟು ಬರೆದಿಟ್ಟುಕೊಳ್ಳತೊಡಗುತ್ತಾರೆ.

ಏನೇನು? ಮೊದಲಿಗೆ ಫೋಟೋ. ಬರೀ ನಂಬರ್ ಪ್ಲೇಟಿನ ಫೋಟೋ ತೆಗೆದರೆ ಆ ಕಾರು ಜಗತ್ತಿನಲ್ಲಿ ಎಲ್ಲಾದರೂ ನಿಂತಿರಬಹುದು. ಪ್ಲೇಟೂ ಕಂಬದ ಮೇಲಿನ ಬಿ-47 ಎಂಬ ಬರಹವೂ ಒಂದೇ ಚೌಕಟ್ಟಿನಲ್ಲಿ ಬರಬೇಕು. ಮುಂದಿನ ಗಾಜಿನ ಫೋಟೋ ಇನ್ನೊಂದು, ಅಸೋಸಿಯೇಷನ್ನಿನ ಸ್ಟಿಕ್ಕರ್ ಇದೆಯೋ ಇಲ್ಲವೋ ತಿಳಿಯುವುದಕ್ಕೆ. ಸ್ಟಿಕ್ಕರ್ ಇಲ್ಲದಿದ್ದರೆ ಕಾರು ಅತಿಥಿಯಾಗಿ ಬಂದಿದೆ, ಇದ್ದರೆ ಹಳೆಯ ಬಾಡಿಗೆದಾರರ ಕತೆ ಇರಬಹುದು. ಆಮೇಲೆ ದಿನಾಂಕ, ಕಾರು ಕಂಡ ಹೊತ್ತು, ಹೋದ ಹೊತ್ತು, ಗೇಟಿಗೆ ಎಷ್ಟು ಗಂಟೆಗೆ ಹೇಳಿದ್ದು, ಆಗ ಪಾಳಿಯಲ್ಲಿದ್ದವರು ಏನೆಂದರು. ತಾನು ಎಲ್ಲಿ ನಿಲ್ಲಿಸಬೇಕಾಯಿತು ಎಂಬುದನ್ನೂ ಬರೆಯಬೇಕು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ನೋಡುವವರಿದ್ದಾರೆ. ಅಲ್ಲಿ ಮಾಲೀಕರ ಹೆಸರಿನ ಅಕ್ಷರಗಳನ್ನು ಅರ್ಧಂಬರ್ಧ ಮರೆಮಾಡಿರುತ್ತಾರೆ, ಫೋನ್ ನಂಬರಂತೂ ಸಿಗುವುದಿಲ್ಲ. ಸಿಗಬೇಕಾಗಿಯೂ ಇಲ್ಲ. ಬೇಕಾದ ಮಾಹಿತಿ ಗೇಟಿನಲ್ಲೇ ಇದೆ.

ಅತಿಥಿಯ ಕಾರು ಬಂದಾಗ ಸೆಕ್ಯುರಿಟಿಯವರು ಪುಸ್ತಕದಲ್ಲಿ ಅಥವಾ ಗೇಟಿನ ಆ್ಯಪಿನಲ್ಲಿ ವಾಹನದ ನಂಬರು, ಬಂದ ಹೊತ್ತು, ಹೋಗಬೇಕಾದ ಮನೆಯ ನಂಬರು ನಮೂದಿಸಿಕೊಳ್ಳುತ್ತಾರೆ. ಆ ಮನೆಯವರು ‘ಹೌದು, ಬಿಡಿ’ ಎಂದು ಒಪ್ಪಿದ ಮೇಲೆಯೇ ಬೂಮ್ ಏಳುವುದು. ಆ ಒಪ್ಪಿಗೆ ಕೊಟ್ಟ ಮನೆಯೇ ಈ ಪ್ರಕರಣದ ಹಿಡಿ. ಪಾರ್ಕಿಂಗಿನ ಸಿಸಿಟಿವಿ ದೃಶ್ಯವೂ ಬೇಕಾಗಬಹುದು, ಆದರೆ ಡಿವಿಆರ್‌ನಲ್ಲಿ ಜಾಗ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಕೆಲವೇ ವಾರ ಕಳೆದರೆ ದೃಶ್ಯ ಇರುವುದಿಲ್ಲ. ಅದನ್ನು ತೆಗೆದಿಡಿ ಎಂಬ ಕೋರಿಕೆ ಮೊದಲ ಪತ್ರದಲ್ಲೇ ಇರಬೇಕು.

ಇಷ್ಟು ಕೈಯಲ್ಲಿದ್ದರೆ ಪತ್ರ ಒಂದು ಪುಟ ದಾಟುವುದಿಲ್ಲ. 304ನೇ ಮನೆಯವರು ಹೀಗೆ ಬರೆಯಬಹುದು:

ಗೆ,
ಕಾರ್ಯದರ್ಶಿಗಳು,
ಅಪಾರ್ಟ್‌ಮೆಂಟ್ ಮಾಲೀಕರ ಸಂಘ.

ವಿಷಯ: ನನಗೆ ಹಂಚಿಕೆಯಾದ ಬಿ-47 ಪಾರ್ಕಿಂಗ್ ಜಾಗದಲ್ಲಿ ಹೊರಗಿನ ವಾಹನ ಪದೇ ಪದೇ ನಿಲ್ಲುತ್ತಿರುವುದನ್ನು ತಡೆಯುವ ಬಗ್ಗೆ.

ಮಾನ್ಯರೇ,

ನಾನು 304ನೇ ಮನೆಯ ಮಾಲೀಕಳು. ಬಿ-47 ಜಾಗ ನನ್ನ ಬಳಕೆಗೆ ಹಂಚಿಕೆಯಾಗಿದೆ. ಹಂಚಿಕೆ ಪತ್ರದ ಪ್ರತಿ ಲಗತ್ತಿಸಿದೆ. ಮೇ 3, 10 ಮತ್ತು 17ರಂದು, ಮೂರೂ ಶನಿವಾರ, ಸಂಜೆ ಏಳರ ಸುಮಾರಿಗೆ ನಾನು ಬಂದಾಗ ಆ ಜಾಗದಲ್ಲಿ ಸಂಘದ ಸ್ಟಿಕ್ಕರ್ ಇಲ್ಲದ ಒಂದೇ ಬಿಳಿ ಕಾರು ನಿಂತಿತ್ತು. ಅದರ ನೋಂದಣಿ ಸಂಖ್ಯೆ ಕಾಣುವ ಫೋಟೋಗಳು ಇದರೊಂದಿಗಿವೆ. ಮೂರೂ ಸಲ ಗೇಟಿಗೆ ತಿಳಿಸಿದ್ದೇನೆ. ಕಾರು ಹೊರಗೆ ಹೋದದ್ದು ಮರುದಿನ. ಆ ರಾತ್ರಿಗಳಲ್ಲಿ ನನ್ನ ಕಾರನ್ನು ರಸ್ತೆಯಲ್ಲಿ ನಿಲ್ಲಿಸಬೇಕಾಯಿತು.

ಈ ವಾಹನವನ್ನು ಯಾವ ಮನೆಯ ಒಪ್ಪಿಗೆಯ ಮೇಲೆ ಒಳಗೆ ಬಿಡಲಾಯಿತು ಎಂಬುದನ್ನು ಗೇಟಿನ ದಾಖಲೆಯಿಂದ ಪತ್ತೆ ಮಾಡಿ, ಆ ಮನೆಯವರಿಗೆ ಸಂಘದಿಂದ ಲಿಖಿತ ಸೂಚನೆ ಕೊಡಬೇಕು. ಅತಿಥಿಗಳ ಜಾಗ ಖಾಲಿ ಇಲ್ಲದಿದ್ದಾಗ ಈ ವಾಹನವನ್ನು ಒಳಗೆ ಬಿಡದಂತೆ ಸೆಕ್ಯುರಿಟಿಗೆ ಲಿಖಿತ ಆದೇಶ ನೀಡಬೇಕು. ಮೇಲಿನ ಮೂರು ದಿನಗಳ ಗೇಟು ದಾಖಲೆ ಮತ್ತು ಬೇಸ್‌ಮೆಂಟ್ ಸಿಸಿಟಿವಿ ದೃಶ್ಯವನ್ನು ಅಳಿಸದೆ ಇಡಬೇಕು. ತೆಗೆದುಕೊಂಡ ಕ್ರಮವನ್ನು ಹತ್ತು ದಿನಗಳ ಒಳಗೆ ನನಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಮನೆ ಸಂಖ್ಯೆ, ದಿನಾಂಕ)

ಈ ಪತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಯಾವ ನೆರೆಯವರ ಮೇಲೂ ಗುಮಾನಿ ಇಲ್ಲ. ಕಾವಲುಗಾರನನ್ನು ಕೆಲಸದಿಂದ ತೆಗೆಯಿರಿ ಎಂಬ ಮಾತಿಲ್ಲ. ಒಪ್ಪಿಗೆ ಕೊಟ್ಟವರ ಹೆಸರು ನನಗೆ ತಿಳಿಸಿ ಎಂಬ ಪಟ್ಟೂ ಇಲ್ಲ, ಏಕೆಂದರೆ ಬೇರೆ ಮನೆಯವರ ಅತಿಥಿಗಳ ವಿವರ ಕೊಡಲು ಸಮಿತಿ ಹಿಂಜರಿಯುತ್ತದೆ, ಆ ಹಿಂಜರಿಕೆ ಸರಿಯಾದದ್ದೇ. ಕೇಳಿರುವ ನಾಲ್ಕೂ ಕೆಲಸ ಕಾರ್ಯದರ್ಶಿಯ ಕೈಯಳತೆಯಲ್ಲಿವೆ, ಯಾವುದಕ್ಕೂ ಆತ ‘ನಮಗೆ ಅಧಿಕಾರವಿಲ್ಲ’ ಎನ್ನುವಂತಿಲ್ಲ. ಬಾಡಿಗೆಗೆ ಇರುವವರಾದರೆ ಇದೇ ಪತ್ರವನ್ನು ಮನೆ ಮಾಲೀಕರ ಸಹಿಯಲ್ಲಿ, ಇಲ್ಲವೇ ಅವರ ಒಪ್ಪಿಗೆಯ ಇ-ಮೇಲ್ ಜೊತೆಗೆ ಕೊಡುವುದು ಒಳ್ಳೆಯದು. ಸದಸ್ಯತ್ವ ಇರುವುದು ಮಾಲೀಕರದ್ದು.

‘ಹೊರಗಿನ ಕಾರಿಗೆ ದಂಡ ಹಾಕಿ’ ಎಂದು ಬರೆಯುವ ಆಸೆ ಎಲ್ಲರಿಗೂ ಆಗುತ್ತದೆ. ದಂಡದ ಮಾತು ಬೈಲಾದಲ್ಲೋ ಸಾಮಾನ್ಯ ಸಭೆ ಒಪ್ಪಿದ ಪಾರ್ಕಿಂಗ್ ನಿಯಮದಲ್ಲೋ ಇದ್ದರೆ ಆ ನಿಯಮದ ಸಂಖ್ಯೆ ಹಾಕಿ ಕೇಳಬಹುದು. ಆಗಲೂ ಅದು ಬೀಳುವುದು ಅತಿಥಿಯ ಮೇಲಲ್ಲ, ಕರೆಸಿಕೊಂಡ ಮನೆಯ ಮುಂದಿನ ಮೇಂಟೆನೆನ್ಸ್ ಬಿಲ್ಲಿನ ಮೇಲೆ. ನಿಯಮವೇ ಇಲ್ಲದೆ ಸಮಿತಿ ಸಭೆಯಲ್ಲಿ ನಾಲ್ಕು ಜನ ಸೇರಿ ಸಾವಿರ ರೂಪಾಯಿ ಎಂದು ಹೇಳಿಬಿಟ್ಟರೆ ಆ ಸದಸ್ಯರು ಕಟ್ಟಲು ಒಪ್ಪುವುದಿಲ್ಲ, ವಸೂಲಿಯೂ ಕಷ್ಟ.

ನಮ್ಮ ಉದಾಹರಣೆಯಲ್ಲಿ ಸಮಿತಿ ಗೇಟಿನ ದಾಖಲೆ ತೆರೆಸುತ್ತದೆ ಎನ್ನೋಣ. ಮೂರೂ ಶನಿವಾರ ಒಪ್ಪಿಗೆ ಬಂದಿರುವುದು ಒಂದೇ ಮನೆಯಿಂದ. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಅವರ ಮಗ ವಾರಕ್ಕೊಮ್ಮೆ ಬರುತ್ತಾನೆ. ‘ಒಂದು ರಾತ್ರಿ ತಾನೇ, ಅದಕ್ಕೂ ಪತ್ರ ಬರೀಬೇಕಾ?’ ಎಂದು ಆ ಮನೆಯ ಯಜಮಾನರಿಗೆ ಬೇಸರ. ಹಾಗಾದರೆ ಮಗನ ಕಾರು ಅವರದೇ ಜಾಗದಲ್ಲಿ ಏಕೆ ನಿಲ್ಲಲಿಲ್ಲ? ಆ ಜಾಗವನ್ನು ಅವರು ತಿಂಗಳ ಬಾಡಿಗೆಗೆ ಇನ್ನೊಂದು ಮನೆಯವರ ಎರಡನೆಯ ಕಾರಿಗೆ ಕೊಟ್ಟಿದ್ದಾರೆ. ಕಾರ್ಯದರ್ಶಿ ಕೊಡುವ ಸೂಚನೆಯಲ್ಲಿ ಈಗ ಎರಡು ಸಾಲು ಬೇಕು, ಮಗನ ಕಾರಿಗೊಂದು, ಬಾಡಿಗೆಗೊಂದು. ಎರಡನೆಯದನ್ನು ಬೈಲಾ ತಡೆಯುತ್ತದೆಯೋ ಇಲ್ಲವೋ ಎಂಬುದು ಒಂದೊಂದು ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ರೀತಿ. ಒಳಗಿನವರಿಗೆ ಕೊಡಬಹುದು, ಹೊರಗಿನವರಿಗೆ ಕೊಡಬಾರದು ಎಂಬ ನಿಯಮವೇ ಹೆಚ್ಚು ಕಡೆ ಕಾಣಸಿಗುವುದು.

ಹತ್ತು ದಿನ ಕಳೆದರೂ ಉತ್ತರ ಬರದಿದ್ದರೆ? ಎರಡನೆಯ ಪತ್ರ ಮೊದಲಿನದಕ್ಕಿಂತ ಚಿಕ್ಕದಾಗಿರಬೇಕು. ಹಳೆಯ ಪತ್ರದ ದಿನಾಂಕ, ಆಮೇಲೆ ಕಾರು ಬಂದ ದಿನಗಳು, ಈ ವಿಷಯವನ್ನು ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಗೆ ಸೇರಿಸಿ ನಿರ್ಣಯವನ್ನು ದಾಖಲಿಸಬೇಕೆಂಬ ಕೋರಿಕೆ. ಸಿಟ್ಟಿನಲ್ಲಿ ಮೇಂಟೆನೆನ್ಸ್ ನಿಲ್ಲಿಸಿಬಿಡುವವರು ಇಲ್ಲಿ ಎಡವುತ್ತಾರೆ. ಬಾಕಿದಾರರಾದ ಮೇಲೆ ಸಮಿತಿಗೆ ಉತ್ತರ ಕೊಡುವ ಬದಲು ನೋಟಿಸ್ ಕೊಡುವ ಅವಕಾಶ ಸಿಗುತ್ತದೆ, ಮಾತು ಕಾರಿನಿಂದ ಬಾಕಿಗೆ ತಿರುಗುತ್ತದೆ.

ಅದಕ್ಕೂ ಮೇಲೆ ಹೋಗಬೇಕಾದರೆ ದಾರಿ ಆ ಸಂಸ್ಥೆ ಯಾವ ಕಾಯ್ದೆಯಡಿ ಹುಟ್ಟಿದೆ ಎಂಬುದರ ಮೇಲೆ ನಿಂತಿದೆ. ಸಹಕಾರ ಸಂಘವಾಗಿದ್ದರೆ ಸದಸ್ಯ ಮತ್ತು ಸಂಘದ ನಡುವಿನ ವಿವಾದವನ್ನು 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯ ಮುಂದೆ ಒಯ್ಯಬಹುದು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬಲ್ಲರು. ಆದರೆ ತಾವಾಗಿಯೇ ಕೈಗೆತ್ತಿಕೊಳ್ಳದಿದ್ದರೆ ಅದನ್ನು ಒತ್ತಾಯಿಸಲು ಕನಿಷ್ಠ ಮೂರನೇ ಒಂದು ಭಾಗದ ಸದಸ್ಯರ ಅರ್ಜಿ ಬೇಕು. ಒಬ್ಬರ ಪಾರ್ಕಿಂಗಿಗೆ ಅಷ್ಟು ಸಹಿ ಕೂಡಿಸುವುದು ಎಲ್ಲಿ ಬಂತು? 1972ರ ಅಪಾರ್ಟ್‌ಮೆಂಟ್ ಕಾಯ್ದೆಯಡಿಯ ಸಂಘವಾದರೆ, ಬೈಲಾ ಮೀರಿದ ಮಾಲೀಕರ ವಿರುದ್ಧ ಸಂಘವಾಗಲಿ, ತಕ್ಕ ಸಂದರ್ಭದಲ್ಲಿ ನೊಂದ ಮಾಲೀಕರೇ ಆಗಲಿ ಪರಿಹಾರ ಮತ್ತು ತಡೆಯಾಜ್ಞೆ ಕೋರಿ ನ್ಯಾಯಾಲಯಕ್ಕೆ ಹೋಗಲು ಆ ಕಾಯ್ದೆಯಲ್ಲೇ ಅವಕಾಶವಿದೆ. ಸಿವಿಲ್ ದಾವೆಯ ಖರ್ಚು, ಕಾಲ ಎರಡನ್ನೂ ಲೆಕ್ಕ ಹಾಕಿದರೆ ವಾರಕ್ಕೊಂದು ರಾತ್ರಿಯ ತೊಂದರೆಗೆ ಅಲ್ಲಿಯವರೆಗೆ ಹೋಗುವವರು ಕಡಿಮೆ. ವಕೀಲರ ನೋಟಿಸಿಗೇ ಬಹಳಷ್ಟು ಸಮಿತಿಗಳು ಎಚ್ಚೆತ್ತುಕೊಳ್ಳುತ್ತವೆ.

ಸಮಿತಿ ಉತ್ತರ ಕೊಟ್ಟಾಗ ಒಮ್ಮೊಮ್ಮೆ ಬೇರೊಂದು ಸಂಗತಿ ಹೊರಬೀಳುತ್ತದೆ. ‘ಅತಿಥಿಗಳಿಗೆ ನಮ್ಮಲ್ಲಿ ಜಾಗವೇ ಇಲ್ಲ, ಏನು ಮಾಡುವುದು?’ ಎಂದು ಕಾರ್ಯದರ್ಶಿ ಬರೆಯುತ್ತಾರೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳು ಬಹುಮನೆಗಳ ಕಟ್ಟಡಕ್ಕೆ ನಿವಾಸಿಗಳ ಪಾರ್ಕಿಂಗಿನ ಮೇಲೆ ಶೇ 10ರಷ್ಟು ಜಾಗವನ್ನು ಅತಿಥಿಗಳಿಗಾಗಿ ಬಿಡಬೇಕೆನ್ನುತ್ತವೆ. ಆ ಲೆಕ್ಕದಲ್ಲಿ 120 ಮನೆಗಳಿಗೆ ಒಂದೊಂದು ಕಾರಿನಂತೆ ಹಿಡಿದರೂ ಹನ್ನೆರಡು ಜಾಗ ಇರಬೇಕು. ಮಂಜೂರಾದ ನಕ್ಷೆಯ ಪ್ರತಿ ತೆಗೆಸಿ ಬೇಸ್‌ಮೆಂಟಿನಲ್ಲಿ ಎಣಿಸುತ್ತಾ ಹೋದರೆ ಅವು ಎಲ್ಲಿ ಹೋದವೆಂದು ಗೊತ್ತಾಗುತ್ತದೆ. ಕೆಲವನ್ನು ಬಿಲ್ಡರ್ ಹೆಚ್ಚುವರಿ ಪಾರ್ಕಿಂಗ್ ಎಂದು ಹಂಚಿಬಿಟ್ಟಿರುತ್ತಾರೆ, ಒಂದೆರಡರ ಮೇಲೆ ಜನರೇಟರ್ ಕೂತಿರುತ್ತದೆ, ಮಿಕ್ಕವುಗಳಲ್ಲಿ ಹಿಂದಿನ ಸಮಿತಿಯವರ ಎರಡನೆಯ ಕಾರುಗಳು ನಿಂತಿರುತ್ತವೆ. 304ನೇ ಮನೆಯವರ ಮೂರನೆಯ ಪತ್ರ ಬರೆಯಬೇಕಾದೀತೆಂದರೆ ಅದು ಬಿ-47ರ ಬಗ್ಗೆ ಇರುವುದಿಲ್ಲ. ಅತಿಥಿಗಳ ಪಾರ್ಕಿಂಗ್ ಜಾಗಗಳ ಪಟ್ಟಿಯನ್ನು ಮಂಜೂರಾತಿ ನಕ್ಷೆಯ ಜೊತೆ ಮುಂದಿನ ವಾರ್ಷಿಕ ಸಾಮಾನ್ಯ ಸಭೆಯ ಮುಂದಿಡಬೇಕು ಎಂಬ ಒಂದೇ ಬೇಡಿಕೆ ಅದರಲ್ಲಿರುತ್ತದೆ, ಅದಕ್ಕೆ ಇನ್ನಷ್ಟು ಮನೆಗಳವರು ಸಹಿ ಹಾಕಲು ತಾವಾಗಿಯೇ ಬರುತ್ತಾರೆ.